18,400ರ ಪಕ್ಕದಲ್ಲಿ ಏನಿದೆ?

ನಮಸ್ಕಾರ. ಹೋದ ವಿಡಿಯೊ ಕೆಳಗೆ ಒಬ್ಬರು ಬರೆದಿದ್ದಾರೆ: 'ಸರ್, ನಿಮ್ಮ ಡ್ಯಾಶ್‌ಬೋರ್ಡ್ ತುಂಬಾ ಸಪ್ಪೆ. ಪೈ ಚಾರ್ಟ್ ಇಲ್ಲ, ಮೀಟರ್ ಇಲ್ಲ, ಬರೀ ನಂಬರ್.' ನನ್ನ ವಿಡಿಯೊಗಿಂತ ಆ ಕಾಮೆಂಟಿಗೇ ಜಾಸ್ತಿ ಲೈಕ್ ಬಿದ್ದಿದೆ. ಇರಲಿ, ಹೊಟ್ಟೆಕಿಚ್ಚೇನಿಲ್ಲ.

ಅವರು ತಮ್ಮ ದಿನಸಿ ಅಂಗಡಿಗೆ ಮಾಡಿಕೊಂಡ ಪುಟವನ್ನೂ ಕಳಿಸಿದ್ದಾರೆ. ಬೈಕಿನ ಸ್ಪೀಡೋಮೀಟರ್ ಥರ ಒಂದು ಚಕ್ರ, ಮುಳ್ಳು ಹಸಿರಿನಲ್ಲಿ ನಿಂತಿದೆ. ಕೆಳಗೆ ದಪ್ಪಕ್ಷರದಲ್ಲಿ: ಇವತ್ತಿನ ಸೇಲ್ 18,400. ಸರಿ ಸ್ವಾಮಿ, ಇದು ಒಳ್ಳೇದೋ ಕೆಟ್ಟದ್ದೋ? ಆ ಹಸಿರು ಎಲ್ಲಿ ಶುರುವಾಗಬೇಕು ಅಂತ ಹೇಳಿದವರು ಯಾರು? ಯಾರೂ ಇಲ್ಲ. ಟೆಂಪ್ಲೇಟ್ ಮಾಡಿದವನು ಹೇಗೆ ಇಟ್ಟಿದ್ದನೋ ಹಾಗೇ ಇದೆ. ನಿಮ್ಮ ಅಂಗಡಿಯನ್ನೇ ನೋಡದ ಯಾರೋ ನಿಮ್ಮ ವ್ಯಾಪಾರಕ್ಕೆ ಹಸಿರು ಬಣ್ಣ ಬಳಿದು ಹೋಗಿದ್ದಾನೆ.

ನಾನು ಇವತ್ತು ಹೇಳೋದು ಒಂದೇ ಮಾತು. ನಂಬರ್ ಒಂಟಿಯಾಗಿ ಇರಬಾರದು. ಪಕ್ಕದಲ್ಲಿ ಏನಿದೆ? ಅದನ್ನು ಹೇಳಿ ಮೊದಲು.

ಅದೇ 18,400 ತಗೊಳ್ಳೋಣ. ಅದು ಶನಿವಾರದ ಸೇಲ್ ಅಂದುಕೊಳ್ಳಿ. ಪಕ್ಕದಲ್ಲಿ ಏನಿಡಬೇಕು? ನಿನ್ನೆಯ ಶುಕ್ರವಾರ ಅಲ್ಲ. ಶನಿವಾರಕ್ಕೆ ಶನಿವಾರವೇ ಜೋಡಿ. ಹಿಂದಿನ ನಾಲ್ಕು ಶನಿವಾರ ನೋಡಿದರೆ 21,000, 20,500, 19,800, 20,700. ಸರಾಸರಿ 20,500. ಅಂದರೆ ಇವತ್ತು 2,100 ರೂಪಾಯಿ ಕಮ್ಮಿ. ಹಸಿರು ಎಲ್ಲಿಂದ ಬಂತಣ್ಣ?

ಈಗ ಅದರ ಕೆಳಗೇ ಬಿಲ್ಲುಗಳ ಸಂಖ್ಯೆ ಇಡಿ. ಇವತ್ತು 115 ಬಿಲ್. ಮಾಮೂಲಿ ಶನಿವಾರ 128. ಸೇಲನ್ನು ಬಿಲ್ಲಿನಿಂದ ಭಾಗಿಸಿ. ಇವತ್ತು ಒಂದು ಬಿಲ್ಲಿಗೆ 160 ರೂಪಾಯಿ, ಮಾಮೂಲಿಯೂ ಹೆಚ್ಚುಕಮ್ಮಿ ಅಷ್ಟೇ. ಗೊತ್ತಾಯ್ತಲ್ಲ? ಬಂದವರು ಎಂದಿನಂತೆಯೇ ಕೊಂಡಿದ್ದಾರೆ. ಹದಿಮೂರು ಬಿಲ್ ಬಂದೇ ಇಲ್ಲ. ಹಾಗಾದರೆ ರೇಟ್ ಇಳಿಸೋದು, ಆಫರ್ ಬೋರ್ಡ್ ಹಾಕೋದು ಎಲ್ಲಾ ದಂಡ. ಬಿಲ್ಲುಗಳ ಟೈಮ್ ನೋಡಿ. ಬೆಳಿಗ್ಗೆ ಆರರಿಂದ ಎಂಟರ ಒಳಗೇ ಹನ್ನೊಂದು ಬಿಲ್ ಕಮ್ಮಿ ಇದ್ದರೆ, ಶಟರ್ ಲೇಟಾಗಿ ಎದ್ದಿತ್ತೋ ಹಾಲಿನ ಗಾಡಿ ಲೇಟೋ ಅಂತ ಕೇಳಿ. ಹಾಲಿಗೆ ಬಂದವರೇ ತಾನೇ ಬ್ರೆಡ್ಡು, ಟೀಪುಡಿ, ಕೊತ್ತಂಬರಿ ಒಯ್ಯೋದು. ಪೈ ಚಾರ್ಟಿಗೆ ಇದನ್ನು ಹೇಳೋಕೆ ಬಾಯಿ ಎಲ್ಲಿದೆ?

ಶೀಟ್‌ನಲ್ಲಿ ಇದನ್ನು ಮಾಡೋದು ಕಷ್ಟ ಏನಲ್ಲ. A ಕಾಲಂನಲ್ಲಿ ತಾರೀಖು, B ಯಲ್ಲಿ ಸೇಲ್, C ಯಲ್ಲಿ ಬಿಲ್ ಸಂಖ್ಯೆ. ದಿನಕ್ಕೊಂದು ಸಾಲು, ಒಂದು ದಿನವೂ ಬಿಡಬಾರದು. ಎರಡನೇ ಸಾಲಿನಿಂದ ಶುರು ಮಾಡಿದರೆ, 30ನೇ ಸಾಲಿನ ದಿನಕ್ಕೆ ಹಿಂದಿನ ನಾಲ್ಕು ವಾರದ ಅದೇ ದಿನದ ಸರಾಸರಿ ಹೀಗೆ ಸಿಗುತ್ತದೆ:

```
=AVERAGE(B2,B9,B16,B23)
```

ಅಂಗಡಿ ಮುಚ್ಚಿದ್ದ ದಿನವೂ ಸಾಲು ಇರಬೇಕು, ಆದರೆ ಸೇಲ್ ಜಾಗ ಖಾಲಿ ಬಿಡಿ. ಸೊನ್ನೆ ಹಾಕಬೇಡಿ. ಖಾಲಿ ಇದ್ದರೆ ಸೂತ್ರ ಅದನ್ನು ಬಿಟ್ಟು ಲೆಕ್ಕ ಹಾಕುತ್ತದೆ. ಸೊನ್ನೆ ಹಾಕಿದರೆ ಸರಾಸರಿ ಪಾತಾಳಕ್ಕೆ ಇಳಿದು, ಮುಂದಿನ ನಾಲ್ಕು ವಾರ ನೀವು ದೊಡ್ಡ ಸಾಹುಕಾರರ ಥರ ಕಾಣುತ್ತೀರಿ. ಈ ಶೀಟ್ ಕೆಳಗೆ ಡಿಸ್ಕ್ರಿಪ್ಶನ್‌ನಲ್ಲಿದೆ, ಫ್ರೀ. ಬದಲಿಗೆ ಸಬ್‌ಸ್ಕ್ರೈಬ್ ಮಾಡಿ, ಅದೂ ಫ್ರೀ.

ಬಣ್ಣ ಬೇಕೇ ಬೇಕು ಅನ್ನೋರಿಗೆ ಒಂದೇ ಬಣ್ಣ ಕೊಡುತ್ತೇನೆ. ಇವತ್ತಿನ ಸೇಲ್ ಆ ನಾಲ್ಕರಲ್ಲಿ ಅತಿ ಕಮ್ಮಿಯದಕ್ಕಿಂತಲೂ ಕೆಳಗಿದ್ದರೆ ಕೆಂಪು. ನಮ್ಮ ಲೆಕ್ಕದಲ್ಲಿ ಕಮ್ಮಿ ಅಂದರೆ 19,800, ಹಾಗಾಗಿ 18,400 ಕೆಂಪು. ಆದರೆ ಗಾಬರಿ ಬೇಡ. ಏನೂ ಆಗದೇ ಇದ್ದರೂ ಐದು ದಿನಕ್ಕೊಂದು ಸಲ ಸುಮ್ನೆ ಕೆಂಪಾಗುತ್ತದೆ. ಐದು ಶನಿವಾರದಲ್ಲಿ ಯಾವುದೋ ಒಂದು ಕಡೆಯದಾಗಲೇಬೇಕಲ್ಲ. ಮುಂದಿನ ಶನಿವಾರವೂ ಕೆಂಪಾದರೆ ಆಗ ಎದ್ದು ಕೂರಿ.

'ಸರ್, ದಿನಸಿ ಅಂಗಡಿಗೆ ತಿಂಗಳ ಮೊದಲ ವಾರ ಬೇರೆ, ಕೊನೇ ವಾರ ಬೇರೆ' ಅಂತ ಇನ್ನೊಬ್ಬರು. ಅಬ್ಬಾ, ಒಬ್ಬರಾದರೂ ವ್ಯಾಪಾರ ಮಾಡಿದವರು ಸಿಕ್ಕರು! ಸಂಬಳದ ವಾರ ತಿಂಗಳ ಸಾಮಾನಿನ ಚೀಟಿ ಬರುತ್ತದೆ, 25ರ ನಂತರ ಬಿಡಿ ಸಾಮಾನು. ಅದಕ್ಕೇ ಪುಟದಲ್ಲಿ ಇನ್ನೊಂದು ಜೋಡಿ ಇಡಿ. ಒಂದನೇ ತಾರೀಖಿನಿಂದ ಇವತ್ತಿನವರೆಗಿನ ಒಟ್ಟು, ಅದರ ಪಕ್ಕ ಹೋದ ತಿಂಗಳು ಇದೇ ತಾರೀಖಿನವರೆಗಿನ ಒಟ್ಟು. ನೋಡಿ, ಮತ್ತೆ ಅದೇ. ಪಕ್ಕ!

ಹೋದ ವರ್ಷದ ಜೊತೆ ಹೋಲಿಸೋಣ ಅನ್ನೋ ಮಹಾನುಭಾವರೂ ಇದ್ದಾರೆ. 2024ರಲ್ಲಿ ಗಣೇಶ ಚೌತಿ ಸೆಪ್ಟೆಂಬರ್ 7ಕ್ಕೆ, 2025ರಲ್ಲಿ ಆಗಸ್ಟ್ 27ಕ್ಕೆ. ಬೆಲ್ಲ, ಕಾಯಿ, ಕಡಲೆಬೇಳೆ ಎಲ್ಲಾ ಖರ್ಚಾಗಿದ್ದು ಒಂದು ವರ್ಷ ಸೆಪ್ಟೆಂಬರ್ ಮೊದಲ ವಾರ, ಇನ್ನೊಂದು ವರ್ಷ ಆಗಸ್ಟ್ ಕೊನೆ. ಆಗಸ್ಟಿಗೆ ಆಗಸ್ಟ್ ಇಟ್ಟರೆ 2025ರಲ್ಲಿ ನೀವು ವ್ಯಾಪಾರದ ಹುಲಿ. ಸೆಪ್ಟೆಂಬರಿಗೆ ಸೆಪ್ಟೆಂಬರ್ ಇಟ್ಟರೆ ಅಂಗಡಿ ಮುಚ್ಚೋ ಯೋಚನೆ. ಎರಡೂ ಸುಳ್ಳು. ಹಬ್ಬದ ಹಿಂದಿನ ಹತ್ತು ದಿನಕ್ಕೆ ಹಬ್ಬದ ಹಿಂದಿನ ಹತ್ತು ದಿನವನ್ನೇ ಇಡಿ. ಪಕ್ಕದಲ್ಲಿ ಪಂಚಾಂಗ ಇಟ್ಟುಕೊಳ್ಳಿ, ಕಂಪ್ಯೂಟರಿಗೆ ಚೌತಿ ಗೊತ್ತಿಲ್ಲ.

ಮತ್ತೆ ಉದ್ರಿ. ಐದನೇ ತಾರೀಖು ಯಾರೋ ಬಂದು ಹೋದ ತಿಂಗಳ ಬಾಕಿ 3,000 ಕೊಟ್ಟರು. ಗಲ್ಲಾಕ್ಕೆ ದುಡ್ಡು ಬಂತು ಅಂತ ಅದನ್ನು ಅವತ್ತಿನ ಸೇಲಿಗೆ ಸೇರಿಸುವವರು ತುಂಬಾ ಜನ. ಆ ಸಾಮಾನು ಹೋಗಿದ್ದು ಹೋದ ತಿಂಗಳು, ಸೇಲ್ ಆವತ್ತೇ ಬರೆಯಬೇಕಿತ್ತು. ಬರೆದಿದ್ದರೆ ಈಗ ಅದೇ ಸಾಮಾನು ಎರಡು ಸಲ ಮಾರಿದಂತೆ. ಬರೆಯದಿದ್ದರೆ ಆಗಿನ ನಂಬರೂ ತಪ್ಪು, ಈಗಿನದ್ದೂ ತಪ್ಪು. ತಪ್ಪಿನ ಪಕ್ಕ ತಪ್ಪು ಇಟ್ಟು ಏನು ನೋಡುತ್ತೀರಿ? ಉದ್ರಿಗೆ ಬೇರೆ ಜಾಗ ಕೊಡಿ: ಒಟ್ಟು ಬಾಕಿ ಇವತ್ತು ಎಷ್ಟು, ಹೋದ ತಿಂಗಳು ಇದೇ ದಿನ ಎಷ್ಟು. ಹಾಂ, ಪಕ್ಕ.

'ನನಗೆ ಇದೆಲ್ಲಾ ಬೇಡ, ಮೂವತ್ತು ವರ್ಷದಿಂದ ಗಲ್ಲಾದಲ್ಲಿ ಕೂತಿದ್ದೇನೆ, ಮನಸ್ಸಲ್ಲೇ ಗೊತ್ತಾಗುತ್ತೆ' ಅನ್ನೋ ಯಜಮಾನರಿಗೆ ದೊಡ್ಡ ನಮಸ್ಕಾರ. ಹೋದ ತಿಂಗಳ ಎರಡನೇ ಮಂಗಳವಾರ ಎಷ್ಟು ಬಿಲ್ ಹಾಕಿದ್ರಿ, ಹೇಳಿ ನೋಡೋಣ. ಹಾಂ? ಅದೇ.

'ಟ್ಯಾಲಿಯಲ್ಲಿ ಎಲ್ಲಾ ಇದೆ ಸರ್.' ಇದೆ, ಯಾರು ಇಲ್ಲ ಅಂದರು? ರಾತ್ರಿ ಒಂಬತ್ತೂವರೆಗೆ ಶಟರ್ ಎಳೆಯುವ ಮುಂಚೆ ಅದನ್ನು ತೆಗೆದು ನೋಡುತ್ತೀರಾ? ನೋಡಲ್ಲ. ನನಗೆ ಗೊತ್ತು. ಒಂದು ಹಾಳೆ, ಗೋಡೆಗೆ ಅಂಟಿಸೋ ಅಷ್ಟು. ಸೇಲ್, ಬಿಲ್ ಸಂಖ್ಯೆ, ತಿಂಗಳ ಒಟ್ಟು, ಉದ್ರಿ. ನಾಲ್ಕಕ್ಕೂ ಪಕ್ಕದಲ್ಲಿ ಒಂದೊಂದು ಜೋಡಿ. 'ಲಾಭ ಎಲ್ಲಿ ಸರ್?' ಅಂತ ಕೇಳಬೇಡಿ. ಖರೀದಿ ರೇಟ್ ಬರೆದಿಡದೆ ಲಾಭ ಕೇಳುವವರ ಜೊತೆ ನನಗೆ ಬೇರೆ ಜಗಳ ಇದೆ, ಅದಕ್ಕೆ ಬೇರೆ ಎಪಿಸೋಡ್ ಇದೆ.

ಇಲ್ಲ ಸರ್, ನನಗೆ 3ಡಿ ಪೈ ಚಾರ್ಟೇ ಬೇಕು ಅಂದರೆ ಮಾಡಿಕೊಳ್ಳಿ, ನನ್ನದೇನು ಹೋಗುತ್ತದೆ. ಬೆಲ್ ಒತ್ತಿ. ಮುಂದಿನ ವಾರ ಉದ್ರಿ ಪುಸ್ತಕ ಬರೆಯೋದು ಹೇಗೆ ಅಂತ ಮಾಡುತ್ತೇನೆ. ಬಾಕಿ ಇಟ್ಟುಕೊಂಡವರು ದಯವಿಟ್ಟು ಅದನ್ನು ನೋಡಬೇಡಿ.