ಹೊರಬಿಟ್ಟ ಉಸಿರಲ್ಲಿ ಇನ್ನೂ 16% ಆಮ್ಲಜನಕ ಉಳಿಯೋದು ಯಾಕೆ?

ಎರಡು ಪ್ರನಾಳ ತಗೊಳ್ಳಿ, ಎರಡರಲ್ಲೂ ಸಮಸಮ ಸುಣ್ಣದ ತಿಳಿನೀರು ಇರಲಿ. ತುಮಕೂರಿನಲ್ಲಿ ಎಲೆ ಅಡಿಕೆ ಮಾರೋರ ಹತ್ರ ಸಿಗೋ ಬಿಳಿ ಸುಣ್ಣವೇ ಸಾಕು. ಒಂದು ಲೀಟರ್ ನೀರಿಗೆ ಒಂದು ಚಮಚ ಕಲಸಿ, ಬಾಯಿ ಮುಚ್ಚಿ ರಾತ್ರಿಯೆಲ್ಲ ಬಿಟ್ಟು, ಬೆಳಗ್ಗೆ ಮೇಲಿನ ತಿಳಿ ಮಾತ್ರ ಬಸಿದುಕೊಳ್ಳಿ. ಮುಚ್ಚದೆ ಇಟ್ಟರೆ ಗಾಳಿಗೇ ಬಿಳಿ ಪೊರೆ ಕಟ್ಟುತ್ತೆ, ಆಮೇಲೆ ಫಲಿತಾಂಶ ನಂಬೋ ಹಾಗಿಲ್ಲ.

ಪ್ರತಿ ಬಿರಡೆಯಲ್ಲೂ ಎರಡು ಕೊಳವೆ ಇವೆ. ಉದ್ದದ್ದು ತಿಳಿನೀರಲ್ಲಿ ಮುಳುಗಿರುತ್ತೆ, ಗಿಡ್ಡದ್ದು ಮೇಲೇ ನಿಲ್ಲುತ್ತೆ. 'ಎ' ಪ್ರನಾಳದಲ್ಲಿ ಗಿಡ್ಡ ಕೊಳವೆಯಿಂದ ಉಸಿರೆಳೆಯಬೇಕು, 'ಬಿ'ಯಲ್ಲಿ ಉದ್ದ ಕೊಳವೆಗೆ ಊದಬೇಕು. ಪ್ರಾಯೋಗಿಕ ಪ್ರಶ್ನೆಗಳಲ್ಲಿ ಹೆಚ್ಚಾಗಿ ತಲೆಕೆಳಗಾಗೋದು ಇದೇ. ಉದ್ದ ಕೊಳವೆಯಿಂದ ಎಳೆದರೆ ಸುಣ್ಣದ ನೀರು ನೇರ ಬಾಯಿಗೆ ಬರುತ್ತೆ. ಅದು ಪ್ರತ್ಯಾಮ್ಲ, ಬಾಯಿ ಸುಡುತ್ತೆ.

ನಾಲ್ಕಾರು ಉಸಿರಿಗೆ 'ಬಿ' ಹಾಲಿನಂತೆ ಬೆಳ್ಳಗಾಗುತ್ತೆ, ಉಸಿರಿನ ಇಂಗಾಲದ ಡೈಆಕ್ಸೈಡ್ ಸುಣ್ಣದ ಜೊತೆ ಸೇರಿ ಆಗೋ ಕ್ಯಾಲ್ಸಿಯಂ ಕಾರ್ಬೋನೇಟ್ ಕರಗದೆ ತೇಲೋದರಿಂದ. ಅಲ್ಲಿಗೆ ನಿಲ್ಲಿಸಿ. ಊದುತ್ತಲೇ ಹೋದರೆ ಅದು ಕರಗೋ ಬೈಕಾರ್ಬೋನೇಟ್ ಆಗಿ ನೀರು ಮತ್ತೆ ತಿಳಿಯಾಗುತ್ತೆ. 'ಎ' ತಿಳಿಯಾಗೇ ಇದೆ ಅಂತ ಒಳಗೆಳೆದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇಲ್ಲವೇ ಇಲ್ಲ ಅಂತ ಬರೀಬೇಡಿ. ಸುಮಾರು 0.04% ಇದೆ, ಹೊರಬಿಟ್ಟದ್ದರಲ್ಲಿ 4%. ಆಮ್ಲಜನಕ 21ರಿಂದ 16ಕ್ಕೆ ಇಳಿದಿರುತ್ತೆ.

ಅಷ್ಟೊಂದು ಆಮ್ಲಜನಕ ವಾಪಸ್ ಬರೋದು ಯಾಕೆ? ಶ್ವಾಸಕೋಶದ ಪುಟ್ಟ ಗಾಳಿಗೂಡಿನ ಗೋಡೆ ದಾಟಿ ಆಮ್ಲಜನಕ ರಕ್ತಕ್ಕೆ ಹೋಗೋದು ವಿಸರಣೆಯಿಂದ, ಅಂದರೆ ಒತ್ತಡ ಹೆಚ್ಚಿರೋ ಕಡೆಯಿಂದ ಕಡಿಮೆ ಇರೋ ಕಡೆಗೆ ತಾನಾಗೇ ಹರಡೋದರಿಂದ. ರಕ್ತದಲ್ಲಿ ಅದರ ಒತ್ತಡ ಗೂಡಿನ ಒತ್ತಡಕ್ಕೆ ಸಮವಾದ ಕೂಡಲೇ ಸಾಗಾಟ ನಿಲ್ಲುತ್ತೆ, ಗೂಡು ಬರಿದಾಗೋವರೆಗೆ ಕಾಯಲ್ಲ. ಹಾಗಾಗಿ ಗೂಡಿನ ಗಾಳಿಯಲ್ಲೂ ಸುಮಾರು 14% ಉಳಿದೇ ಇರುತ್ತೆ.

ಸರಿ, 14 ಹೇಗೆ 16 ಆಯ್ತು? ಆರಾಮಾಗಿ ಒಂದು ಉಸಿರಲ್ಲಿ ಸುಮಾರು 500 ಮಿಲಿಲೀಟರ್ ಗಾಳಿ ಓಡಾಡುತ್ತೆ. ಅದರಲ್ಲಿ 150ರಷ್ಟು ಮೂಗು, ಶ್ವಾಸನಾಳ, ಅದರ ಕವಲುಗಳಲ್ಲೇ ಉಳಿದು, ಗೂಡು ತಲುಪದೆ ಬಂದ ಹಾಗೇ ಹೊರಗೆ ಹೋಗುತ್ತೆ. ಲೆಕ್ಕ ಹಾಕಿ: 150ರ 21% ಅಂದರೆ 31.5, ಗೂಡಿಂದ ಬಂದ 350ರ 14% ಅಂದರೆ 49. ಕೂಡಿದರೆ 80.5. ಅದು 500ರಲ್ಲಿ 16.1%. ಪುಸ್ತಕದ 16 ಹುಟ್ಟೋದು ಈ ಬೆರಕೆಯಿಂದ.

ಇದನ್ನೇ ತಿಳಿನೀರಲ್ಲೂ ನೋಡಬಹುದು. ಹೊಸ ತಿಳಿನೀರು ತುಂಬಿದ ಎರಡು ಪ್ರನಾಳ ತಗೊಂಡು, ಒಂದಕ್ಕೆ ಪ್ರತಿ ಉಸಿರಿನ ಮೊದಲ ತುಣುಕನ್ನಷ್ಟೇ ಊದಿ, ಇನ್ನೊಂದಕ್ಕೆ ಕೊನೆಯ ತುಣುಕನ್ನಷ್ಟೇ. ಮೊದಲು ಬರೋದು ನಾಳದಲ್ಲಿ ನಿಂತ ಗಾಳಿ, ಕೊನೆಗೆ ಬರೋದು ಗೂಡಿನದು. ಬೇಗ ಬೆಳ್ಳಗಾಗೋದು ಎರಡನೇದೇ.