ಕಿರುಬೆರಳು ನಿಂತ ಜಾಗ

ಕೇಳುಗರಿಗೆ ನಮಸ್ಕಾರ. ಬೆರಳುಗಳ ನಡುವಿನ ಸಂದಿನ ಬಗ್ಗೆ ನಮ್ಮ ಸಾಮುದ್ರಿಕ ಶಾಸ್ತ್ರ ಕಟುವಾಗಿಯೇ ಮಾತಾಡುತ್ತದೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಿರಳ ಬೆರಳಿನವರು ಬಡವರು, ಒತ್ತಾದ ಬೆರಳಿನವರು ಹಣ ಕೂಡಿಡುವವರು. ಪಾಶ್ಚಾತ್ಯ ಹಸ್ತಸಾಮುದ್ರಿಕರು ಸಂದನ್ನು ತೆರೆದ ಮನಸ್ಸಿನ, ಧೈರ್ಯದ ಗುರುತೆನ್ನುತ್ತಾರೆ. ಇಬ್ಬರೂ ನೋಡುವುದು ಒಂದೇ ಸಂದನ್ನಲ್ಲ ಅನ್ನುವುದನ್ನು ಹಲವರು ಗಮನಿಸುವುದಿಲ್ಲ. ಬೆರಳುಗಳನ್ನು ಜೋಡಿಸಿ ಬೆಳಕಿಗೆ ಹಿಡಿದಾಗಲೂ ಬುಡದಲ್ಲಿ ಉಳಿಯುವ ಕಿಂಡಿ ಒಂದು. ಕೈಯನ್ನು ಸಡಿಲ ಬಿಟ್ಟಾಗ ಬೆರಳುಗಳು ತಾವಾಗಿ ದೂರ ಸರಿಯುವುದು ಇನ್ನೊಂದು. ಹಣ ಸೋರುತ್ತದೆ ಎಂಬ ನಂಬಿಕೆ ಮೊದಲನೆಯದಕ್ಕೆ ಅಂಟಿಕೊಂಡಿದೆ. ಸ್ವಭಾವ ಓದುವವರು ನೋಡುವುದು ಎರಡನೆಯದನ್ನು.

ಅದನ್ನು ನೋಡಬೇಕಾದರೆ "ಬೆರಳು ಅಗಲಿಸಿ" ಎನ್ನಬಾರದು. ಹಾಗೆಂದರೆ ಯಾರಾದರೂ ಅಗಲಿಸುತ್ತಾರೆ. ಎರಡೂ ಕೈಗಳನ್ನು ಒಮ್ಮೆ ಕೊಡವಿ, ಮೇಜಿನ ಮೇಲೆ ತಾವಾಗಿ ಬೀಳಲು ಬಿಡಬೇಕು. ತೋರುಬೆರಳು ನಡುಬೆರಳಿನಿಂದ ದೂರ ನಿಂತರೆ ಆಲೋಚನೆಯಲ್ಲಿ ಸ್ವತಂತ್ರರು, ಕಿರುಬೆರಳು ಉಂಗುರದ ಬೆರಳಿನಿಂದ ದೂರ ನಿಂತರೆ ನಡೆಯಲ್ಲಿ ಸ್ವತಂತ್ರರು ಎಂದು ಸಂಪ್ರದಾಯ. ಎಲ್ಲ ಬೆರಳೂ ಅಂಟಿಕೊಂಡಿದ್ದರೆ ಸಂಕೋಚ, ಎಚ್ಚರಿಕೆ.

ಹೆಚ್ಚು ತಪ್ಪಾಗುವುದು ಕಿರುಬೆರಳಿನಲ್ಲಿ. ಅದರ ಬುಡ ಉಳಿದ ಬೆರಳುಗಳಿಗಿಂತ ತುಸು ಕೆಳಗಿರುವುದು ಸಹಜ. ತೀರ ಕೆಳಗಿದ್ದರೆ ಆತ್ಮವಿಶ್ವಾಸ ತಡವಾಗಿ ಬರುತ್ತದೆ ಎಂದು ಓದುವುದು ವಾಡಿಕೆ. ಆದರೆ ಕೆಳಗೆ ಕೂತ ಬೆರಳು ಗಿಡ್ಡವಾಗಿಯೂ ಕಾಣುತ್ತದೆ, ಗಿಡ್ಡ ಬೆರಳಿಗೆ ಹೇಳುವ ಫಲವೇ ಬೇರೆ. ಅದಕ್ಕೆ ಅಳತೆಪಟ್ಟಿ ಬೇಕು. ಸಾಮಾನ್ಯವಾಗಿ ಕಿರುಬೆರಳಿನ ತುದಿ ಉಂಗುರದ ಬೆರಳಿನ ಮೇಲಿನ ಗಿಣ್ಣಿನ ಗೆರೆಗೆ ಮುಟ್ಟುತ್ತದೆ. ಒಂದು ಕೈಯಲ್ಲಿ ತುದಿ ಆ ಗೆರೆಗಿಂತ 6 ಮಿಲಿಮೀಟರ್ ಕೆಳಗೇ ನಿಂತಿದೆ ಎನ್ನೋಣ. ಅಂಗೈ ಕಡೆಯಿಂದ ಅಳೆದರೆ ಉಂಗುರದ ಬೆರಳಿನ ಬುಡದಿಂದ ಆ ಗೆರೆಯವರೆಗೆ 4.8 ಸೆಂಟಿಮೀಟರ್, ಕಿರುಬೆರಳಿನ ಪೂರ್ತಿ ಉದ್ದ 5.8. ಅಂದರೆ ಬುಡ 1 ಸೆಂಟಿಮೀಟರ್ ಕೆಳಗಿದ್ದಿದ್ದರೂ ತುದಿ ಗೆರೆಗೆ ಸರಿಯಾಗಿ ಮುಟ್ಟುತ್ತಿತ್ತು. ಬುಡ 1.6 ಸೆಂಟಿಮೀಟರ್ ಕೆಳಗಿದೆ. ಬೆರಳು ಗಿಡ್ಡವಲ್ಲ, ಕೂತ ಜಾಗವೇ ತಗ್ಗು.

ಈಗ ಇದೇ ಕೈಯಲ್ಲಿ ಕಿರುಬೆರಳು ಅಗಲಕ್ಕೆ ನಿಂತು, ತೋರುಬೆರಳು ನಡುಬೆರಳಿಗೆ ಅಂಟಿಕೊಂಡಿದ್ದರೆ? ಮಾಡುವುದನ್ನು ತನ್ನಿಷ್ಟದಂತೆ ಮಾಡುವವರು, ಆದರೆ ನಿರ್ಧಾರಕ್ಕೆ ಇನ್ನೊಬ್ಬರ ಒಪ್ಪಿಗೆ ಹುಡುಕುವವರು, ಮೊದಲ ಹೆಜ್ಜೆಗೆ ಅಳುಕುವವರು ಎಂದು ಮೂರನ್ನೂ ಸೇರಿಸಿ ಓದುತ್ತಾರೆ. ಒಂದೇ ಗುರುತು ಹಿಡಿದು ತೀರ್ಪು ಕೊಡುವುದು ಅರೆಬರೆ ಓದು. ಇವೆಲ್ಲ ಪರಂಪರೆಯ ಮಾತುಗಳು, ವಿಜ್ಞಾನ ಒಪ್ಪಿದ ಪರೀಕ್ಷೆಗಳಲ್ಲ.

ಬಿಗಿ ಉಂಗುರ, ಚಳಿ, ಸಂಧಿವಾತದಿಂದ ಊದಿದ ಗಿಣ್ಣು, ಇವೂ ಸಂದನ್ನು ಬದಲಿಸುತ್ತವೆ. ಕಿರುಬೆರಳು ಮೊದಲು ಹಾಗಿರದೆ ಈಚೆಗೆ ಅಗಲವಾಗಿ ನಿಂತು, ಬೇಕೆಂದರೂ ಪಕ್ಕದ ಬೆರಳಿಗೆ ಸೇರದಿದ್ದರೆ, ಜೊತೆಗೆ ಜೋಮು ಇದ್ದರೆ, ಅದು ಮೊಣಕೈಯ ಹತ್ತಿರ ಹಾದುಬರುವ ಅಲ್ನರ್ ನರದ ತೊಂದರೆಯಿರಬಹುದು. ಅಂಥ ಕೈಯನ್ನು ಓದಬೇಕಾದವರು ನರರೋಗದ ವೈದ್ಯರು.