ಮಕ್ಕಳ ವಿಭಾಗದ ಪ್ರಕಟಣೆ: ಮೊದಲ ಪ್ಯಾರಾದ ಹೊಣೆ

ಕೇಳುಗರಿಗೆ ನಮಸ್ಕಾರ. ದಾವಣಗೆರೆಯ ಆಸ್ಪತ್ರೆಯೊಂದು ಮಕ್ಕಳಿಗಾಗಿ ಹೊಸ ವಿಭಾಗವನ್ನು ತೆರೆಯಲಿದೆ ಎಂದು ಭಾವಿಸೋಣ. ಪತ್ರಿಕಾ ಕಚೇರಿಗಳಿಗೆ ಹೋಗುವ ಪ್ರಕಟಣೆ ಹೆಚ್ಚಾಗಿ ಹೀಗೆ ಆರಂಭವಾಗುತ್ತದೆ: "ಮಾನ್ಯ ಸಚಿವರ ಅಮೃತಹಸ್ತದಿಂದ, ಪರಮಪೂಜ್ಯರ ದಿವ್ಯ ಸಾನ್ನಿಧ್ಯದಲ್ಲಿ, ಗಣ್ಯರ ಸಮ್ಮುಖದಲ್ಲಿ ಅತ್ಯಾಧುನಿಕ ಮಕ್ಕಳ ವಿಭಾಗವು ಲೋಕಾರ್ಪಣೆಗೊಳ್ಳಲಿದೆ." ಇದನ್ನು ಓದಿದ ಜಗಳೂರಿನ ತಾಯಿಗೆ, ತನ್ನ ಮಗುವನ್ನು ಎಂದಿನಿಂದ ಅಲ್ಲಿಗೆ ಕರೆತರಬಹುದು ಎಂಬುದೇ ತಿಳಿಯುವುದಿಲ್ಲ.

ಜಿಲ್ಲಾ ಪುಟದಲ್ಲಿ ಜಾಹೀರಾತು ಹೆಚ್ಚಾದ ದಿನ ಉಪಸಂಪಾದಕರು ಸುದ್ದಿಯನ್ನು ಕೆಳಗಿನಿಂದ ಕತ್ತರಿಸುತ್ತಾರೆ. ಕೊನೆಗೆ ಅಚ್ಚಾಗುವುದು ಬಹುಪಾಲು ಮೊದಲ ಪ್ಯಾರಾ ಒಂದೇ. ಆದ್ದರಿಂದ ತಂದೆತಾಯಿಗೆ ಬೇಕಾದುದೆಲ್ಲ ಅಲ್ಲಿಯೇ ಇರಬೇಕು; ಗಣ್ಯರ ಹೆಸರುಗಳನ್ನು ಎರಡನೆಯ ಪ್ಯಾರಾದಲ್ಲಿ ಗೌರವದಿಂದಲೇ ಕೊಡಬಹುದು.

ಅದೇ ಸುದ್ದಿಯನ್ನು ಹೀಗೆ ಬರೆಯಬಹುದು. ಇಲ್ಲಿನ ದಿನಾಂಕ ಮತ್ತು ಸಂಖ್ಯೆಗಳು ಕೇವಲ ಉದಾಹರಣೆಗೆ. "ದಾವಣಗೆರೆ, ಜೂನ್ 10: ನಗರದ ನಮ್ಮ ಆಸ್ಪತ್ರೆಯಲ್ಲಿ ಹುಟ್ಟಿದ ದಿನದಿಂದ 18 ವರ್ಷದವರೆಗಿನ ಮಕ್ಕಳಿಗಾಗಿ ಸಿದ್ಧವಾಗಿರುವ 40 ಹಾಸಿಗೆಗಳ ಹೊಸ ವಿಭಾಗದಲ್ಲಿ ಜೂನ್ 16ರ ಸೋಮವಾರ ಬೆಳಿಗ್ಗೆ 9 ಗಂಟೆಯಿಂದ ಚಿಕಿತ್ಸೆ ಆರಂಭವಾಗಲಿದೆ. ಇವುಗಳಲ್ಲಿ 10 ಹಾಸಿಗೆಗಳು ಅವಧಿಗೆ ಮುನ್ನ ಹುಟ್ಟಿದ ಹಾಗೂ ತೂಕ ಕಡಿಮೆಯಿರುವ ಶಿಶುಗಳ ತೀವ್ರ ನಿಗಾ ಘಟಕಕ್ಕೆ ಮೀಸಲಾಗಿದ್ದು, ತುರ್ತು ಚಿಕಿತ್ಸೆ ದಿನದ 24 ಗಂಟೆಯೂ ದೊರೆಯಲಿದೆ."

ಇಲ್ಲಿ ಉದ್ಘಾಟನೆಯ ದಿನವನ್ನು ಬೇಕೆಂದೇ ಬಿಟ್ಟಿದ್ದೇನೆ. ಸಮಾರಂಭವು ಶನಿವಾರ ನಡೆದು, ದಾಖಲಾತಿ ಸೋಮವಾರ ಆರಂಭವಾಗುವುದಾದರೆ, ಮೊದಲ ಪ್ಯಾರಾದಲ್ಲಿ ಸೋಮವಾರವೇ ಇರಬೇಕು. ಇಲ್ಲವಾದರೆ ಭಾನುವಾರ ರಾತ್ರಿ ಜ್ವರದ ಮಗುವನ್ನು ಎತ್ತಿಕೊಂಡು ಬಂದವರು ಬೀಗ ಹಾಕಿದ ಬಾಗಿಲನ್ನು ನೋಡಿ ಮರಳಬೇಕಾಗುತ್ತದೆ.

ಹಾಸಿಗೆಗಳ ಸಂಖ್ಯೆಯಲ್ಲಿ ಇದಕ್ಕಿಂತ ದೊಡ್ಡ ತೊಡಕಿದೆ. ಕಟ್ಟಡದ ನಕ್ಷೆಯಲ್ಲಿ 40 ಹಾಸಿಗೆಗಳಿದ್ದು, ಶುಶ್ರೂಷಕಿಯರ ನೇಮಕಾತಿ ಮುಗಿಯದ ಕಾರಣ ಮೊದಲ ದಿನ 24 ಮಾತ್ರ ನಡೆಯುವುದಾದರೆ, ಪ್ರಕಟಣೆಯಲ್ಲಿ 24 ಎಂದೇ ಬರೆಯಬೇಕು. ನಿಗಾ ಘಟಕದಲ್ಲಂತೂ ಹಾಸಿಗೆ ಎಂದರೆ ಮಂಚವಷ್ಟೇ ಅಲ್ಲ. ಶಿಶುವನ್ನು ಬೆಚ್ಚಗಿಡುವ ವಾರ್ಮರ್, ಆಮ್ಲಜನಕದ ಕೊಳವೆ, ರಾತ್ರಿ ಪಾಳಿಯಲ್ಲಿ ಅದನ್ನು ನೋಡಿಕೊಳ್ಳುವ ತರಬೇತಾದ ಶುಶ್ರೂಷಕಿ ಇವೆಲ್ಲ ಸೇರಿದರೆ ಮಾತ್ರ ಅದು ಒಂದು ಹಾಸಿಗೆ. ಹೊನ್ನಾಳಿಯ ವೈದ್ಯರು ಪತ್ರಿಕೆಯನ್ನು ನಂಬಿ ನವಜಾತ ಶಿಶುವನ್ನು ಆಂಬುಲೆನ್ಸ್‌ನಲ್ಲಿ ಕಳುಹಿಸಿ, ಇಲ್ಲಿ ಜಾಗವಿಲ್ಲದೆ ಅದನ್ನು ಇನ್ನೊಂದು ಆಸ್ಪತ್ರೆಗೆ ಸಾಗಿಸಬೇಕಾದರೆ, ಕಳೆದುಹೋಗುವುದು ಆ ಮಗುವಿನ ಸಮಯ.

"ಜಿಲ್ಲೆಯಲ್ಲೇ ಪ್ರಥಮ" ಎಂಬ ಮಾತಿಗೆ ದಾಖಲೆಯಿಲ್ಲದಿದ್ದರೆ ಅದನ್ನು ಬಿಡುವುದು ಲೇಸು. ಆಯುಷ್ಮಾನ್ ಯೋಜನೆಯ ಸೌಲಭ್ಯವಿದೆ ಎಂದು ಬರೆಯುವ ಮುನ್ನ, ಆಸ್ಪತ್ರೆಯ ನೋಂದಣಿಯು ಮಕ್ಕಳ ಚಿಕಿತ್ಸೆಗಳಿಗೂ ಅನ್ವಯಿಸುತ್ತದೆಯೇ ಎಂಬುದನ್ನು ಪತ್ರ ನೋಡಿಯೇ ಖಚಿತಪಡಿಸಿಕೊಳ್ಳಬೇಕು.

ಕರಡು ಸಿದ್ಧವಾದ ಮೇಲೆ ಆಡಳಿತಾಧಿಕಾರಿಯ ಸಹಿಗೆ ಮೊದಲು ಅದನ್ನು ಆ ವಿಭಾಗದ ಮೇಲ್ವಿಚಾರಕ ಶುಶ್ರೂಷಕಿಗೆ ಓದಿ ಹೇಳಬೇಕು. ಸೋಮವಾರ ಎಷ್ಟು ಮಕ್ಕಳನ್ನು ಸೇರಿಸಿಕೊಳ್ಳಬಹುದು ಎಂಬುದನ್ನು ಸರಿಯಾಗಿ ಬಲ್ಲವರು ಅವರೇ.